ಸಂಚಿತ ಮೀಟರ್ ರೀಡಿಂಗ್‌ನಿಂದ ದೈನಂದಿನ ಪ್ರಮಾಣದ ಲೆಕ್ಕ

ಸಂಚಿತ ಮೀಟರ್ ರೀಡಿಂಗ್ ಎಂದರೆ ಮೀಟರನ್ನು ಅಳವಡಿಸಿದಂದಿನಿಂದ ಅದರ ಮೂಲಕ ಹಾದುಹೋದ ಒಟ್ಟು ಪ್ರಮಾಣವನ್ನು ತೋರಿಸುವ ಅಂಕಿ. ನೀರು, ವಿದ್ಯುತ್ ಮತ್ತು ಅನಿಲದ ಮೀಟರ್‌ಗಳು ಸಾಮಾನ್ಯವಾಗಿ ಈ ಬಗೆಯವು. ಒಂದು ದಿನದ ಪ್ರಮಾಣವನ್ನು ತಿಳಿಯಲು ಮರುದಿನದ ರೀಡಿಂಗ್‌ನಿಂದ ಆ ದಿನದ ರೀಡಿಂಗನ್ನು ಕಳೆಯಲಾಗುತ್ತದೆ. ಮೀಟರಿನ ಎಣಿಕೆ ಸೊನ್ನೆಗೆ ಮರಳಿದಾಗ ಅಥವಾ ಒಂದು ದಿನದ ರೀಡಿಂಗ್ ತಪ್ಪಿದಾಗ ಈ ಸರಳ ವ್ಯವಕಲನ ಸಾಲದು.

## ಹಿನ್ನೆಲೆ

ಧಾರವಾಡ ತಾಲ್ಲೂಕಿನ ಅಮ್ಮಿನಬಾವಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ನೀರು ಒದಗಿಸುವ ಶುದ್ಧೀಕರಣ ಘಟಕವಿದೆ. ಸವದತ್ತಿ ಸಮೀಪದ ಮಲಪ್ರಭಾ ಜಲಾಶಯದಿಂದ ಬರುವ ನೀರು ಇಲ್ಲಿ ಶುದ್ಧವಾಗಿ ನಗರದತ್ತ ಸಾಗುತ್ತದೆ. ಇಂತಹ ವ್ಯವಸ್ಥೆಯಲ್ಲಿ ಘಟಕದಿಂದ ಹೊರಟ ನೀರಿಗೂ ನಗರದ ಮೀಟರ್‌ಗಳಲ್ಲಿ ದಾಖಲಾದ ನೀರಿಗೂ ಇರುವ ವ್ಯತ್ಯಾಸವೇ ಲೆಕ್ಕಕ್ಕೆ ಸಿಗದ ನೀರು. ಒಂದು ಕಡೆಯ ದೈನಂದಿನ ಅಂಕಿ ತಪ್ಪಾದರೆ ಇಲ್ಲದ ಸೋರಿಕೆ ಕಾಣಿಸಬಹುದು, ಇರುವ ಸೋರಿಕೆ ಮರೆಯಾಗಬಹುದು.

## ಉದಾಹರಣೆ

ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ನೀರು ಸಂಗ್ರಹಾಗಾರವೊಂದರ ಹೊರಕೊಳವೆಗೆ 6 ಅಂಕಿಗಳ ಮೀಟರ್ ಇದ್ದು, ಪ್ರತಿದಿನ ಬೆಳಿಗ್ಗೆ 6 ಗಂಟೆಗೆ ಘನ ಮೀಟರ್‌ಗಳಲ್ಲಿ ರೀಡಿಂಗ್ ಬರೆಯಲಾಗುತ್ತದೆ. ಎರಡು ರೀಡಿಂಗ್‌ಗಳ ವ್ಯತ್ಯಾಸವನ್ನು ಮೊದಲನೆಯ ರೀಡಿಂಗ್‌ನ ದಿನಕ್ಕೆ ಸೇರಿಸಲಾಗಿದೆ.

| ದಿನ | ರೀಡಿಂಗ್ | ಆ ದಿನದ ಪ್ರಮಾಣ |
|---|---|---|
| 1 | 9,94,300 | 4,000 |
| 2 | 9,98,300 | 4,100 |
| 3 | 2,400 | 3,900 |
| 4 | 6,300 | 4,100 (ಅಂದಾಜು) |
| 5 | ಬರೆದಿಲ್ಲ | 4,100 (ಅಂದಾಜು) |
| 6 | 14,500 | 4,100 |
| 7 | 1,300 | – |

### ಎಣಿಕೆಯ ಸುತ್ತು ಮುಗಿದಾಗ

2ನೇ ಮತ್ತು 3ನೇ ದಿನಗಳ ನಡುವೆ ಮೀಟರ್ 9,99,999 ದಾಟಿ ಮತ್ತೆ ಸೊನ್ನೆಯಿಂದ ಆರಂಭವಾಗಿದೆ. ನೇರವಾಗಿ ಕಳೆದರೆ ಋಣ ಸಂಖ್ಯೆ ಬರುತ್ತದೆ. ಮೀಟರಿನ ಪೂರ್ಣ ಸುತ್ತನ್ನು, ಅಂದರೆ 10,00,000ವನ್ನು ಅದಕ್ಕೆ ಕೂಡಿಸಬೇಕು:

```
2400 - 998300 + 1000000 = 4100
```

ಇಲ್ಲಿ ಯಾವ ಮಾಹಿತಿಯೂ ನಷ್ಟವಾಗಿಲ್ಲ, ಉತ್ತರ ನಿಖರವಾದುದು.

### ರೀಡಿಂಗ್ ತಪ್ಪಿದಾಗ

5ನೇ ದಿನದ ರೀಡಿಂಗ್ ಇಲ್ಲ. ಆದರೆ ಮೀಟರ್ ಎಣಿಸುತ್ತಲೇ ಇದ್ದುದರಿಂದ 4 ಮತ್ತು 5ನೇ ದಿನಗಳ ಒಟ್ಟು ಮೊತ್ತ 14,500 − 6,300 = 8,200 ಎಂಬುದು ಖಚಿತ. ತಿಳಿಯದಿರುವುದು ಆ ಮೊತ್ತ ಎರಡು ದಿನಗಳಲ್ಲಿ ಹಂಚಿಹೋದ ರೀತಿ ಮಾತ್ರ. ಸಮನಾಗಿ ಹಂಚಿದರೆ ದಿನಕ್ಕೆ 4,100 ಬರುತ್ತದೆ. ಇವುಗಳನ್ನು ಅಂದಾಜು ಎಂದು ಗುರುತಿಸಬೇಕು. ಏಕೆಂದರೆ ಹೀಗೆ ಸಮಮಾಡಿದ ಅಂಕಿಗಳು ಆ ದಿನಗಳ ನಿಜವಾದ ಏರಿಳಿತವನ್ನು ತೋರಿಸುವುದಿಲ್ಲ. ಒಂದು ದಿನಕ್ಕೆ ಸೊನ್ನೆ, ಇನ್ನೊಂದಕ್ಕೆ 8,200 ಎಂದು ಬರೆದರೆ ತಿಂಗಳ ಮೊತ್ತ ಸರಿಯಾಗಿಯೇ ಉಳಿಯುತ್ತದೆ, ಆದರೆ ನಡೆಯದ ನೀರಿನ ನಿಲುಗಡೆಯೊಂದು ದಾಖಲೆಗೆ ಸೇರುತ್ತದೆ.

### ಮೀಟರ್ ನಡುವೆಯೇ ಸೊನ್ನೆಯಾದಾಗ

7ನೇ ದಿನದ ರೀಡಿಂಗ್ ಮತ್ತೆ ಕಡಿಮೆಯಾಗಿದೆ. ಹಿಂದಿನಂತೆ 10,00,000 ಕೂಡಿಸಿದರೆ ಒಂದು ದಿನಕ್ಕೆ 9,86,800 ಘನ ಮೀಟರ್ ಎಂದಾಗುತ್ತದೆ. ದಿನಕ್ಕೆ ಸುಮಾರು 4,000 ಘನ ಮೀಟರ್ ಸಾಗಿಸುವ ಕೊಳವೆಯಲ್ಲಿ ಇದು ಅಸಾಧ್ಯ. ಆದ್ದರಿಂದ ಸುತ್ತು ಮುಗಿದಿಲ್ಲ. ಮೀಟರನ್ನು ಬದಲಿಸಲಾಗಿದೆ ಅಥವಾ ಅದರ ಎಣಿಕೆಯನ್ನು ಸೊನ್ನೆಗೊಳಿಸಲಾಗಿದೆ.

ಹಳೆಯ ಮೀಟರಿನ ಕೊನೆಯ ರೀಡಿಂಗ್ ದಾಖಲಾಗದಿದ್ದರೆ 6ನೇ ದಿನ ಕನಿಷ್ಠ 1,300 ಘನ ಮೀಟರ್ ಹರಿದಿದೆ ಎಂದಷ್ಟೇ ಹೇಳಬಹುದು. ರಾತ್ರಿ 10 ಗಂಟೆಗೆ 17,300 ಇದ್ದಾಗ ಮೀಟರನ್ನು ತೆಗೆದು, ಸೊನ್ನೆಯಿಂದ ಆರಂಭವಾಗುವ ಹೊಸದನ್ನು ಕೂಡಿಸಲಾಯಿತು ಎಂಬ ಟಿಪ್ಪಣಿ ಇದ್ದರೆ ಎರಡು ಭಾಗಗಳನ್ನು ಬೇರೆಯಾಗಿ ಲೆಕ್ಕಿಸಿ ಕೂಡಬಹುದು:

```
(17300 - 14500) + (1300 - 0) = 4100
```

ಕೋಷ್ಟಕದಲ್ಲಿರುವ 4,100 ಈ ಟಿಪ್ಪಣಿಯಿಂದ ದೊರೆತದ್ದು. ಹೊಸ ಮೀಟರ್ ಸೊನ್ನೆಯಿಂದಲೇ ಆರಂಭವಾಗಬೇಕೆಂದಿಲ್ಲ. ಹಾಗಾಗಿ ಅದರ ಆರಂಭದ ರೀಡಿಂಗನ್ನೂ ಬರೆದಿಡುವುದು ಅವಶ್ಯಕ.

## ಕಾರಣವನ್ನು ಗುರುತಿಸುವುದು

ರೀಡಿಂಗ್ ಇಳಿದಾಗಲೆಲ್ಲ ಮೀಟರ್ ಸೊನ್ನೆಯಾಗಿದೆ ಎಂದು ಭಾವಿಸುವಂತಿಲ್ಲ. ಅಂಕಿಯನ್ನು ತಪ್ಪಾಗಿ ಬರೆದಿದ್ದರೆ ಮುಂದಿನ ರೀಡಿಂಗ್ ಹಳೆಯ ಸರಣಿಗೇ ಮರಳುತ್ತದೆ. ಆಗ ಒಂದು ದಿನ ಋಣ ಸಂಖ್ಯೆಯೂ ಮರುದಿನ ಅಸಹಜವಾಗಿ ದೊಡ್ಡ ಸಂಖ್ಯೆಯೂ ಬರುತ್ತವೆ. ಮೀಟರ್ ನಿಜವಾಗಿ ಸೊನ್ನೆಯಾಗಿದ್ದರೆ ಮುಂದಿನ ರೀಡಿಂಗ್‌ಗಳು ಕೆಳಗಿನ ಹೊಸ ಸರಣಿಯಲ್ಲೇ ಏರುತ್ತ ಹೋಗುತ್ತವೆ.

## ಮಿತಿಗಳು

ಋಣ ಸಂಖ್ಯೆಯೊಂದನ್ನೇ ಹುಡುಕುವ ವಿಧಾನಕ್ಕೆ ಕೆಲವು ರೀಸೆಟ್‌ಗಳು ಕಾಣುವುದಿಲ್ಲ. ಉದಾಹರಣೆಗೆ, 1,300ರ ರೀಡಿಂಗ್ ಆದ ಕೂಡಲೇ ಮೀಟರ್ ಮತ್ತೊಮ್ಮೆ ಸೊನ್ನೆಯಾಗಿ, ಐದು ದಿನಗಳ ಬಳಿಕ 20,500 ತೋರಿಸಿದರೆ ವ್ಯತ್ಯಾಸ 19,200 ಎಂಬ ಧನ ಸಂಖ್ಯೆಯೇ ಆಗಿರುತ್ತದೆ. ದಿನಕ್ಕೆ 3,840 ಎಂಬ ಸರಾಸರಿಯೂ ಸಹಜವಾಗಿ ಕಾಣುತ್ತದೆ. 1,300 ಘನ ಮೀಟರ್ ಮಾತ್ರ ಲೆಕ್ಕದಿಂದ ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ. ಇಂತಹ ಕೊರತೆ ಅಂಕಿಗಳ ಪರಿಶೀಲನೆಯಿಂದ ತಿಳಿಯುವುದಿಲ್ಲ. ಮೀಟರ್ ಬದಲಿಸಿದ ಅಥವಾ ಸೊನ್ನೆಗೊಳಿಸಿದ ಸಮಯ ಮತ್ತು ರೀಡಿಂಗ್‌ಗಳ ದಾಖಲೆಯಿಂದ ಮಾತ್ರ ತಿಳಿಯುತ್ತದೆ.