ತೆಳ್ಳಗಿದ್ದವರಿಗೂ ಸಕ್ಕರೆ ಕಾಯಿಲೆ ಯಾಕೆ?

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಎತ್ತರಕ್ಕೂ ತೂಕಕ್ಕೂ ಇರುವ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತಕ್ಕಡಿ ಮುಚ್ಚಿಟ್ಟದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ತೊಡೆ, ಸೊಂಟಗಳ ಚರ್ಮದಡಿ ಸೇರುವ ಕೊಬ್ಬು ಅಷ್ಟಾಗಿ ಕೆಡುಕು ಮಾಡದು. ಅದು ಕಣಜವಿದ್ದಂತೆ. ನಮ್ಮಲ್ಲಿ ಅನೇಕರಿಗೆ ಆ ಕಣಜ ಚಿಕ್ಕದು. ಬೇಗ ತುಂಬಿ, ಹೆಚ್ಚಾದ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿಗೆ, ಮೇದೋಜೀರಕ ಗ್ರಂಥಿಗೆ ಸೇರುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ ಮಾತು ಕೇಳದೆ, ರಾತ್ರಿಯಿಡೀ ಉಪವಾಸವಿದ್ದರೂ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಊಟದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಮಾಂಸಖಂಡವೂ ನಮ್ಮಲ್ಲಿ ಕಡಿಮೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಕೆಲವು ವರ್ಷ ನಿಭಾಯಿಸಿ, ಕೊನೆಗೆ ಸೋಲುತ್ತದೆ. ಜಪಾನ್, ಕೊರಿಯಾಗಳ ಜನರಲ್ಲಿ ಇನ್ಸುಲಿನ್ ಸುರಿಸುವ ಶಕ್ತಿಯೇ ಮೊದಲಿನಿಂದ ಕಡಿಮೆ. ಅವರು ತೆಳ್ಳಗಿದ್ದಾಗಲೇ ಕಾಯಿಲೆ ಕಾಣಲು ಅದೊಂದು ದೊಡ್ಡ ಕಾರಣ.

ಇದಕ್ಕೆಲ್ಲ ನಗರದ ಊಟ, ಕುರ್ಚಿ ಕೆಲಸವೇ ಕಾರಣ ಅನ್ನೋಣವೆಂದರೆ, ಯಾಜ್ಞಿಕ್ ತಂಡ ಪುಣೆ ಸುತ್ತಲ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದಿತ್ತು. ಅವುಗಳ ತೂಕ ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೊ. ಕೈಕಾಲು, ಹೊಟ್ಟೆ ಎಲ್ಲ ಸಣ್ಣ. ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಹಿಡಿದು ಅಳೆದ ಕೊಬ್ಬು ಮಾತ್ರ ಅಷ್ಟಾಗಿ ತಗ್ಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳಲ್ಲೂ ಇದೇ ಕಂಡಿತು. ಬಸಿರಿನಲ್ಲಿ ಪೋಷಣೆ ಸಾಲದಾದಾಗ ಮಾಂಸಖಂಡ ಸೊರಗುತ್ತದೆ, ಕೊಬ್ಬು ಉಳಿಯುತ್ತದೆ ಎಂಬುದು ಸಂಶೋಧಕರ ವಿವರಣೆ. ವಂಶವಾಹಿಗಳ ಪಾತ್ರವೂ ಇದೆ. ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದರಂತೂ ಮಗುವಿನ ಅಪಾಯ ಇನ್ನೊಂದು ದಾರಿಯಿಂದ ಏರುತ್ತದೆ. ಹೀಗೆ ಹುಟ್ಟಿದ ಮೈಗೆ ಮುಂದೆ ನಾಲ್ಕೈದು ಕಿಲೊ ಸೇರಿದರೂ ಭಾರವೇ.

ಆದ್ದರಿಂದ ನಮಗೆ ಯುರೋಪಿನ ಗಡಿ ಹೊಂದದು. 168 ಸೆಂಟಿಮೀಟರ್ ಎತ್ತರದ ಗಂಡಸನ್ನು ತೆಗೆದುಕೊಳ್ಳಿ. ತೂಕ 65 ಕಿಲೊ ಆದರೆ ಬಿಎಂಐ 23. ಯುರೋಪಿನ ಲೆಕ್ಕದಲ್ಲಿ 70 ಕಿಲೊ ದಾಟುವವರೆಗೂ ಅವರಿಗೆ ಎಚ್ಚರಿಕೆಯಿಲ್ಲ. ಏಷ್ಯಾದವರಿಗೆ 23ರಲ್ಲೇ ಎಚ್ಚರಿಕೆ ಶುರು. ಅದೂ ಸರಾಸರಿ ಗೆರೆಯಷ್ಟೇ, ಕೊಬ್ಬು ಎಲ್ಲಿದೆ ಎಂಬುದನ್ನು ಹೇಳದು. ಅದಕ್ಕೆ ಸೊಂಟದ ಸುತ್ತಳತೆ ಬೇಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಪ್ಯಾಂಟಿನ ಸೈಜು ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ಗಡಿ ದಾಟಿದ್ದರೆ, ಅಥವಾ ಅಪ್ಪ ಅಮ್ಮನಿಗೆ ಕಾಯಿಲೆ ಇದ್ದರೆ, ಮೂವತ್ತರ ಹೊತ್ತಿಗೇ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ಸರಿಯಿದ್ದರೂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ ಮಾಡುವ ಪರೀಕ್ಷೆಯಲ್ಲಿ ಸಿಕ್ಕಿಬೀಳುವವರು ನಮ್ಮಲ್ಲಿ ಕಡಿಮೆಯಿಲ್ಲ.