ಮರೆಯಲ್ಲಿ ಸಾಗುವ ಗುಣದ ಲೆಕ್ಕ

ಆಲ್ಬಿನಿಸಂ ಇರುವವರ ಚರ್ಮ, ಕೂದಲು, ಕಣ್ಣುಗಳಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತೀರಾ ಕಡಿಮೆ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಸಾಮಾನ್ಯವಾಗಿ ಇದೊಂದು ದುರ್ಬಲ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬರುವ ವಂಶವಾಹಿಯ ಎರಡೂ ಪ್ರತಿಗಳಲ್ಲಿ ದೋಷವಿದ್ದರೆ ಮಾತ್ರ ಅದು ಹೊರಗೆ ಕಾಣಿಸುತ್ತದೆ. ಒಂದೇ ಪ್ರತಿಯಲ್ಲಿ ದೋಷವಿರುವವರು ವಾಹಕರು. ನೋಡಲು ಎಲ್ಲರಂತೆಯೇ ಇರುತ್ತಾರೆ.

ಸರಿಯಾದ ಪ್ರತಿಯನ್ನು A, ದೋಷವುಳ್ಳದ್ದನ್ನು a ಎಂದು ಬರೆಯೋಣ. ವಾಹಕ ದಂಪತಿಗೆ ಹುಟ್ಟುವ ಮಕ್ಕಳ ಲೆಕ್ಕವನ್ನು ಬ್ರಿಟಿಷ್ ತಳಿವಿಜ್ಞಾನಿ ರೆಜಿನಾಲ್ಡ್ ಪನ್ನೆಟ್ ರೂಪಿಸಿದ ಚೌಕ ತೋರಿಸುತ್ತದೆ. ಮೇಲ್ಸಾಲಿನಲ್ಲಿ ತಂದೆ ಕೊಡಬಹುದಾದ ಪ್ರತಿಗಳು, ಎಡಗಡೆ ತಾಯಿಯವು.

```
      A    a
A    AA   Aa
a    Aa   aa
```

ನಾಲ್ಕು ಮನೆಗಳಲ್ಲಿ aa ಇರುವುದು ಒಂದೇ. ಹಾಗೆಂದು ಮೂರು ಮಕ್ಕಳು ಆರೋಗ್ಯವಾಗಿದ್ದರೆ ನಾಲ್ಕನೆಯದಕ್ಕೆ ಗುಣ ಬರಲೇಬೇಕೆಂದಲ್ಲ. ಪ್ರತಿ ಬಸಿರಿನಲ್ಲೂ ಸಂಭವ ಹೊಸದಾಗಿ 1/4.

ಪನ್ನೆಟ್ ಚೌಕ ಒಂದು ಜೋಡಿಗಷ್ಟೇ ಸಾಕು. ತಲೆಮಾರುಗಳನ್ನು ಹಿಡಿಯಲು ವಂಶಾವಳಿ ನಕ್ಷೆ ಬೇಕು. ಅದರಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಗುಣ ಕಾಣಿಸಿದವರ ಗುರುತಿಗೆ ಮಾತ್ರ ಕಪ್ಪು ತುಂಬಲಾಗುತ್ತದೆ. ರಕ್ತಸಂಬಂಧಿಗಳ ಮದುವೆಯನ್ನು ಜೋಡಿ ಗೆರೆ ಸೂಚಿಸುತ್ತದೆ.

ಒಂದು ಮನೆತನವನ್ನು ಊಹಿಸಿಕೊಳ್ಳಬಹುದು. ಗುಣವಿಲ್ಲದ ದಂಪತಿಗೆ ಮೂವರು ಮಕ್ಕಳು: ಹಿರಿಯ ಮಗಳು, ಆಲ್ಬಿನಿಸಂ ಇರುವ ಎರಡನೆಯ ಮಗಳು, ಕಿರಿಯ ಮಗ. ನಡುವಿನ ಕಪ್ಪು ವೃತ್ತವೊಂದೇ ಬಹಳಷ್ಟನ್ನು ಹೇಳಿಬಿಡುತ್ತದೆ. ತಂದೆತಾಯಿ ಇಬ್ಬರೂ ವಾಹಕರು. ಗುಣವಿಲ್ಲದ ತಂದೆಗೆ ಗುಣವಿರುವ ಮಗಳು ಹುಟ್ಟಿರುವುದರಿಂದ, ದೋಷ X ವರ್ಣತಂತುವಿನಲ್ಲಿ ಸಾಗುವ ದುರ್ಬಲ ಬಗೆಯದಲ್ಲ.

ಕಿರಿಯ ಮಗ ವಾಹಕನಾಗಿರುವ ಸಂಭವವೆಷ್ಟು? ಬಹಳ ಮಂದಿ ಎಡವುವುದು ಇಲ್ಲೇ. ಚೌಕ ನೋಡಿ ಅರ್ಧ ಎನ್ನುತ್ತಾರೆ. ಆದರೆ ಅವನಿಗೆ ಗುಣವಿಲ್ಲವೆಂಬುದು ಈಗಾಗಲೇ ಗೊತ್ತಿರುವುದರಿಂದ aa ಮನೆಯನ್ನು ಅಳಿಸಲೇಬೇಕು. ಉಳಿದ ಮೂರರಲ್ಲಿ ಎರಡು Aa. ಆದ್ದರಿಂದ ಉತ್ತರ 2/3. ಹಿರಿಯ ಮಗಳಿಗೂ ಅಷ್ಟೇ.

ಕರ್ನಾಟಕದ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತರುವ ರೂಢಿಯಿದೆ. ಈ ಮಗನೂ ಹಾಗೆಯೇ ಹಿರಿಯ ಅಕ್ಕನ ಮಗಳನ್ನು ಮದುವೆಯಾದನೆನ್ನೋಣ. ಭಾವ ವಾಹಕನಲ್ಲವೆಂದುಕೊಂಡರೆ, ಅಕ್ಕನ ದೋಷವುಳ್ಳ ಪ್ರತಿ ಅವಳ ಮಗಳಿಗೆ ಬಂದಿರುವ ಸಂಭವ 2/3ರ ಅರ್ಧ, ಅಂದರೆ 1/3. ಇವರ ಮಗುವಿಗೆ ಆಲ್ಬಿನಿಸಂ ಬರುವ ಸಂಭವ 2/3 × 1/3 × 1/4 = 1/18. ಅವನು ಹೊರಗಿನ ಹೆಣ್ಣನ್ನು ತಂದಿದ್ದರೆ, ಆ ಜನಸಮೂಹದಲ್ಲಿ ನೂರಕ್ಕೊಬ್ಬರು ವಾಹಕರೆಂದು ಇಟ್ಟುಕೊಂಡರೂ, 1/600 ಮಾತ್ರ.

ಇಲ್ಲಿ ಸಿಗುವುದು ಸಂಭವವಷ್ಟೇ. ಖಚಿತ ಉತ್ತರಕ್ಕೆ ವಂಶವಾಹಿ ಪರೀಕ್ಷೆಯಾಗಬೇಕು, ಅದೂ ಗುಣವಿರುವ ಸದಸ್ಯೆಯಿಂದಲೇ ಶುರುವಾಗಬೇಕು. ಅವಳಲ್ಲಿನ ದೋಷ ಯಾವುದೆಂದು ತಿಳಿದರೆ ಉಳಿದವರಲ್ಲಿ ಅದನ್ನೇ ಹುಡುಕಬಹುದು. ಇಂಥ ಮನೆತನದೊಳಗೆ ಸಂಬಂಧ ಕುದುರಿಸುವವರು ಮಾತುಕತೆಗೆ ಮೊದಲೇ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.