ಬಾಡಿಗೆ ಮನೆಯಲ್ಲಿ ಪಾಠ, ಸೀರೆ ಮಾರಾಟ

ಪ್ರಶ್ನೆ: ಕೋಲ್ಕತ್ತಾದಲ್ಲಿ 14,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇವೆ. ಸಂಜೆ ಐದಾರು ಮಕ್ಕಳಿಗೆ ಪಾಠ ಹೇಳಿ, ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರಬಹುದೇ?

ಉತ್ತರ: ಮೊದಲು ಕರಾರುಪತ್ರ ತೆಗೆದು ಓದಿ. ಪಶ್ಚಿಮ ಬಂಗಾಳದ 1997ರ ಬಾಡಿಗೆ ಕಾಯ್ದೆ ಕೋಲ್ಕತ್ತಾ ಪಾಲಿಕೆ ವ್ಯಾಪ್ತಿಯಲ್ಲಿ ತಿಂಗಳಿಗೆ 6,500 ರೂಪಾಯಿ ಮೀರಿದ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮಗೆ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಮನೆ ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಬಾರದೆಂದು ಅದರ 108ನೇ ಕಲಂ ಹೇಳುತ್ತದೆ.

ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿದ್ದರೂ, ನೀವು ಅಲ್ಲೇ ವಾಸವಿದ್ದು ಐದಾರು ಮಕ್ಕಳಿಗೆ ಪಾಠ ಹೇಳಿದರೆ ಮನೆ ಮನೆಯಾಗಿಯೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಬೋರ್ಡು ಹಾಕಿ, ಪಾಳಿಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿದರೆ ಆ ಮಾತು ನಿಲ್ಲದು. ಮೆಟ್ಟಿಲಲ್ಲಿ ಚಪ್ಪಲಿ ರಾಶಿ ಬಿದ್ದ ದಿನವೇ ದೂರು ಶುರು.

ಸೀರೆಯಲ್ಲಿ ತೊಡಕು ಬೇರೆ. ಮಾರಾಟ ತಾಣಗಳ ಮೂಲಕ ಹೊರರಾಜ್ಯಕ್ಕೆ ಮಾರಲು ಜಿಎಸ್‌ಟಿ ನೋಂದಣಿ ಬೇಕು. ಅದಕ್ಕೆ ವಿಳಾಸದ ದಾಖಲೆಯಾಗಿ ಕರಾರು ಕೊಡಬೇಕು, ಮಾಲೀಕರ ಒಪ್ಪಿಗೆ ಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಅಂದರೆ ಅವರಿಗೆ ತಿಳಿಯದಂತೆ ನಡೆಸಲಾಗದು. ಈಗಲೇ ಕೇಳಿ, ಪಾಠದ ದಿನ, ಮಕ್ಕಳ ಸಂಖ್ಯೆ, ಸೀರೆ ಇಡುವ ಕೋಣೆ ಇಷ್ಟನ್ನೂ ಬರೆಸಿ ಸಹಿ ಪಡೆಯಿರಿ. ಪಾಲಿಕೆಯ ವ್ಯಾಪಾರ ಪರವಾನಗಿಯ ಅರ್ಜಿಗೂ ಆ ಕಾಗದ ಒದಗುತ್ತದೆ.